ಗುಡಿಯ ಫೋಟೊ ಕೆಳಗೆ ಏನು ಬರೆಯಬೇಕು?

ಪ್ರಶ್ನೆ: ಕಳೆದ ಸೋಮವಾರ ಬೆಳಿಗ್ಗೆ ಅವ್ವನನ್ನು ಕರೆದುಕೊಂಡು ಇಟಗಿಯ ಮಹಾದೇವನ ಗುಡಿಗೆ ಹೋಗಿದ್ದೆವು. ಜನವೇ ಇರಲಿಲ್ಲ. ಅವ್ವ ಹೊಸ್ತಿಲಿಗೆ ಹಣೆ ಹಚ್ಚಿ ಬಂದು ಮಂಟಪದ ಕಂಬದ ಪಕ್ಕ ಕುಳಿತವಳು ಅರ್ಧ ಗಂಟೆ ಮಾತನಾಡಲಿಲ್ಲ. ಹಿಂದಿನಿಂದ ಒಂದು ಫೋಟೊ ತೆಗೆದೆ, ಚೆನ್ನಾಗಿ ಬಂದಿದೆ. ಅದನ್ನು ಹಾಕಬೇಕು, ಆದರೆ ಏನು ಬರೆದರೂ ತೋರಿಕೆಯಾಗಿ ಕಾಣುತ್ತದೆ. ನಾನು ಬರೆದದ್ದು ಇದು: “ದೇವಾಲಯ ಚಕ್ರವರ್ತಿ ಇಟಗಿ ಶ್ರೀ ಮಹಾದೇವನ ದಿವ್ಯ ಸನ್ನಿಧಿಯಲ್ಲಿ ಅಮ್ಮನೊಂದಿಗೆ ಕಳೆದ ಅವಿಸ್ಮರಣೀಯ ಕ್ಷಣ. ದರ್ಶನ ಪಡೆದು ಪುನೀತನಾದೆ. ಆರ್ಶೀವಾದ ಸದಾ ಇರಲಿ. ಹರ ಹರ ಮಹಾದೇವ!” ಇದನ್ನು ತಿದ್ದಿಕೊಡುವಿರಾ?
— ಓದುಗರೊಬ್ಬರು, ಕುಷ್ಟಗಿ

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬರಹಗಳಿವೆ. ಉದ್ಧರಣ ಚಿಹ್ನೆಯೊಳಗೆ ಇರುವುದು ಒಂದು, ಅದಕ್ಕಿಂತ ಮೊದಲು ನನಗೆ ವಿಷಯ ತಿಳಿಸಲೆಂದು ಬರೆದದ್ದು ಇನ್ನೊಂದು. ನಿಮಗೆ ಬೇಕಾದ ಸಾಲು ಆ ಎರಡನೆಯದರಲ್ಲಿದೆ. “ಹೊಸ್ತಿಲಿಗೆ ಹಣೆ ಹಚ್ಚಿ ಬಂದು ಕುಳಿತವಳು” ಎಂದು ಬರೆಯುವಾಗ ನೀವು ಯಾರಿಗೂ ಏನನ್ನೂ ತೋರಿಸಲು ಹೊರಟಿರಲಿಲ್ಲ, ನಡೆದದ್ದನ್ನು ಹೇಳಿದಿರಿ. ಫೋಟೊ ಹಾಕುವ ಹೊತ್ತಿಗೆ ಮಾತ್ರ ಅವ್ವ ಅಮ್ಮನಾದಳು, ಗುಡಿ ದಿವ್ಯ ಸನ್ನಿಧಿಯಾಯಿತು, ಅರ್ಧ ಗಂಟೆ ಅವಿಸ್ಮರಣೀಯ ಕ್ಷಣವಾಯಿತು. ಜಿಲ್ಲಾ ಪುಟಕ್ಕೆ ಬರುವ ಚಿತ್ರಗಳಿಗೆ ಅಡಿಬರಹ ಬರೆಯುವುದೇ ನನ್ನ ಕೆಲಸವಾಗಿತ್ತು. ಜಾತ್ರೆ, ತೇರು, ಅಭಿಷೇಕ ಎಂದು ವರ್ಷವಿಡೀ ದೇವರ ಚಿತ್ರಗಳೇ ಬರುತ್ತಿದ್ದವು. ಆ ಅಭ್ಯಾಸದಿಂದಲೇ ಹೇಳುತ್ತೇನೆ, ನಿಮ್ಮ ಕ್ಯಾಪ್ಷನ್ನಿನಲ್ಲಿ ಭಕ್ತಿಗೆ ಕೊರತೆಯಿಲ್ಲ. ಅದು ಯಾರ ಬಾಯಿಂದ ಬರುತ್ತಿದೆ ಎನ್ನುವುದು ತಪ್ಪಿದೆ, ಅಷ್ಟೆ.

“ದರ್ಶನ ಪಡೆದು” ಎಂಬಲ್ಲಿಂದ ನೋಡೋಣ. ಪತ್ರಿಕೆಯಲ್ಲಿ ಈ ಮಾತು ಯಾರಿಗೆ ಮೀಸಲು ಎಂದು ಗಮನಿಸಿದ್ದೀರಾ? ಸಚಿವರು ಬಂದರು, ದೇವರ ದರ್ಶನ ಪಡೆದರು. ಶಾಸಕರು ಕುಟುಂಬ ಸಮೇತ ಆಗಮಿಸಿ ದರ್ಶನ ಪಡೆದರು. ಅದು ಗಣ್ಯರ ಕ್ರಿಯಾಪದ. ಅದನ್ನು ನಮ್ಮ ಬಗ್ಗೆ ನಾವೇ ಬರೆದುಕೊಂಡರೆ ನಮ್ಮ ಫೋಟೊಗೆ ನಾವೇ ವರದಿಗಾರರಾದಂತೆ. ಮನೆಯಲ್ಲಿ ಯಾರೂ ಹಾಗೆ ಮಾತನಾಡುವುದಿಲ್ಲ. “ದರ್ಶನ ಆಯಿತಾ?” ಎಂದು ಕೇಳುತ್ತಾರೆ, “ಚೆನ್ನಾಗಿ ಆಯಿತು” ಎಂದು ಹೇಳುತ್ತೇವೆ. ಪಡೆದದ್ದು ನಮ್ಮ ಗಳಿಕೆ, ಆದದ್ದು ನಮ್ಮ ಕೈಯಲ್ಲಿಲ್ಲದ್ದು. ದೇವರ ವಿಷಯದಲ್ಲಿ ಕನ್ನಡ ಮೊದಲಿನಿಂದಲೂ ಈ ಎರಡನೆಯ ದಾರಿಯನ್ನೇ ಹಿಡಿದಿದೆ: ದರ್ಶನವಾಯಿತು, ಪ್ರಸಾದ ಸಿಕ್ಕಿತು, ಹೋಗುವ ಯೋಗ ಕೂಡಿಬಂತು. ಕ್ರಿಯಾಪದವನ್ನು ಇಷ್ಟು ತಿರುಗಿಸಿದರೆ ಸಾಕು, ಮಾತಿನ ಅರ್ಧ ಡೌಲು ಇಳಿದುಹೋಗುತ್ತದೆ.

ಇಲ್ಲಿ ಒಂದು ಮೋಸವಿದೆ. “ನಾನು” ಎಂಬ ಪದವನ್ನು ತೆಗೆದುಬಿಟ್ಟರೆ ವಿನಯ ಬಂತು ಎಂದು ಬಹಳ ಜನ ತಿಳಿಯುತ್ತಾರೆ. ನಿಮ್ಮ ಬರಹದಲ್ಲೂ “ನಾನು” ಎಲ್ಲಿಯೂ ಇಲ್ಲ. ಆದರೆ ಕನ್ನಡದ ಕ್ರಿಯಾಪದ ತನ್ನ ಬಾಲದಲ್ಲೇ ಆಳನ್ನು ಹೊತ್ತುಕೊಂಡಿರುತ್ತದೆ. “ಪುನೀತನಾದೆ” ಎಂದರೆ ನಾನು ಬಾಗಿಲಲ್ಲೇ ನಿಂತಿದ್ದೇನೆ. ಆದ್ದರಿಂದ ಪದಗಳನ್ನು ನೋಡಬೇಡಿ, ಕ್ರಿಯಾಪದದ ಕೊನೆಯನ್ನು ಮಾತ್ರ ನೋಡಿ: ಹೋದೆ, ಕಂಡೆ, ಧನ್ಯನಾದೆ, ಮೈಮರೆತೆ. ಎರಡು ಸಾಲಿನಲ್ಲಿ ಇಂಥವು ಎರಡು ಬಂದರೆ ಫೋಟೊದಲ್ಲಿ ನಿಮ್ಮ ಮುಖ ಇಲ್ಲದಿದ್ದರೂ ಬರಹ ಸೆಲ್ಫಿಯೇ ಆಗುತ್ತದೆ. “ಪುನೀತ”, “ಧನ್ಯ”, “ಪಾವನ” ಇವುಗಳಲ್ಲಿ ಇನ್ನೊಂದು ತೊಡಕೂ ಇದೆ. ಇವು ಭೇಟಿಯ ಫಲಿತಾಂಶವನ್ನು ಘೋಷಿಸುತ್ತವೆ. ಪುನೀತರಾದೆವೋ ಇಲ್ಲವೋ ಎನ್ನುವುದನ್ನು ಬೈಕ್ ನಿಲ್ಲಿಸಿದ ಜಾಗಕ್ಕೆ ಬರುವಷ್ಟರಲ್ಲಿ ನಾವೇ ತೀರ್ಮಾನಿಸಿಬಿಡುವುದು ಸ್ವಲ್ಪ ಅವಸರವಲ್ಲವೇ?

“ಕಳೆದ ಅವಿಸ್ಮರಣೀಯ ಕ್ಷಣ” ಎನ್ನುವುದು ನೇರವಾಗಿ ನಮ್ಮ ಪತ್ರಿಕಾ ಕಚೇರಿಗಳಿಂದಲೇ ನಿಮ್ಮ ಮೊಬೈಲಿಗೆ ಬಂದದ್ದು. “ಸಮಾರಂಭದಲ್ಲಿ ಪಾಲ್ಗೊಂಡ ಸಂದರ್ಭ” ಎಂದು ಬರೆದು ಬರೆದು ನಾವು ಈ ಅಚ್ಚನ್ನು ಹರಿಯಬಿಟ್ಟಿದ್ದೇವೆ. ಅದನ್ನು ಪೂರ್ತಿ ಬಿಟ್ಟುಬಿಡಿ, ತಿದ್ದಲು ಹೋಗಬೇಡಿ.

“ಹರ ಹರ ಮಹಾದೇವ” ತಪ್ಪಲ್ಲ, ಆದರೆ ಅದು ಘೋಷ. ತೇರಿನ ಹಗ್ಗ ಹಿಡಿದಾಗ ನೂರು ಗಂಟಲು ಒಟ್ಟಿಗೆ ಕೂಗುವಂಥದ್ದು, ಜೊತೆಗೆ ನೀವು ಉದ್ಗಾರ ಚಿಹ್ನೆಯನ್ನೂ ಇಟ್ಟಿದ್ದೀರಿ. ಜನವೇ ಇಲ್ಲದ ಮಂಟಪದಲ್ಲಿ ಬೆನ್ನು ಮಾತ್ರ ಕಾಣುವ ಒಬ್ಬ ಹೆಂಗಸಿನ ಚಿತ್ರದ ಕೆಳಗೆ ಅದನ್ನು ಬರೆದರೆ ಯಾರೋ ಅವಳ ಕಿವಿಯ ಬಳಿ ಬಂದು ಕೂಗಿದಂತಾಗುತ್ತದೆ. ಜಾತ್ರೆಯ ಫೋಟೊಗೆ ಎತ್ತಿಡಿ, ಅಲ್ಲಿ ಅದೇ ಸರಿಯಾದ ಮಾತು. ಇದಕ್ಕೆ ತದ್ವಿರುದ್ಧವಾದ ದೋಷವೂ ಉಂಟು. “ನೀರವ ಮೌನ”, “ಪ್ರಶಾಂತ ವಾತಾವರಣ”, “ಮಾತು ಮೌನವಾದಾಗ” ಎಂದೆಲ್ಲ ಬರೆಯುವುದು. ಚಿತ್ರದಲ್ಲಿ ಅವ್ವನನ್ನು ಬಿಟ್ಟು ಬೇರೆ ಯಾರೂ ಇಲ್ಲ, ಅದು ಎಲ್ಲರಿಗೂ ಕಾಣುತ್ತದೆ. ಮೌನವನ್ನು ಮೌನ ಎಂದು ಕರೆದ ಕೂಡಲೇ ಅದು ಮುರಿಯುತ್ತದೆ. ಕೈಮುಗಿದ ಚಿಹ್ನೆಯೂ ಹಾಗೆಯೇ. ಒಂದು ಇದ್ದರೆ ನನ್ನ ತಕರಾರಿಲ್ಲ, ಸಾಲಾಗಿ ನಾಲ್ಕು ಇಟ್ಟರೆ ಅದು ಘೋಷವೇ.

ಈಗ “ದೇವಾಲಯ ಚಕ್ರವರ್ತಿ”. ಇದನ್ನು ಹೊಡೆದುಹಾಕಿ ಎಂದರೆ ನಿಮಗೆ ಬೇಸರವಾಗಬಹುದು, ಏಕೆಂದರೆ ಇದು ಯಾರೋ ಕಟ್ಟಿದ ಪ್ರವಾಸಿ ಘೋಷಣೆಯಲ್ಲ, ಶಾಸನದಲ್ಲೇ ಇರುವ ಮಾತು. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಈ ಗುಡಿಯನ್ನು ಕಟ್ಟಿಸಿದ, ಶಾಸನ ಅದನ್ನು ದೇವಾಲಯಗಳ ಚಕ್ರವರ್ತಿ ಎಂದು ಹೊಗಳಿತು. ಆ ಕಡೆದ ಕಂಬಗಳನ್ನು ನೋಡಿದವರಿಗೆ ಹೊಗಳಿಕೆ ಹೆಚ್ಚಾಯಿತು ಎನ್ನಿಸುವುದಿಲ್ಲ. ಆದರೆ ಅದು ಕಟ್ಟಡಕ್ಕೆ ಕೊಟ್ಟ ಬಿರುದು. ಮಂಟಪ ಪೂರ್ತಿಯಾಗಿ ಕಾಣುವ ಚಿತ್ರವಾಗಿದ್ದರೆ, ಅಥವಾ ಎದುರಿನ ಪುಷ್ಕರಣಿಯ ಕಡೆಯಿಂದ ಶಿಖರ ಸೇರುವಂತೆ ತೆಗೆದದ್ದಾಗಿದ್ದರೆ, ಆ ಬಿರುದಿಗೆ ಜಾಗವಿತ್ತು. ನಿಮ್ಮ ಚಿತ್ರದಲ್ಲಿ ಕಟ್ಟಡವಿಲ್ಲ, ಒಂದು ಕಂಬ ಮತ್ತು ಅವ್ವ ಇದ್ದಾರೆ. ಚಕ್ರವರ್ತಿ ಎಂಬ ಪದ ಬಂದ ಕೂಡಲೇ ಓದುಗರ ಕಣ್ಣು ಅವಳನ್ನು ಬಿಟ್ಟು ಕಲ್ಲನ್ನು ಹುಡುಕುತ್ತದೆ.

ಅದೇ ಗುಡಿಯ ಬಗ್ಗೆ ಇನ್ನೊಂದು ಸಂಗತಿ ಇದೆ, ಅದು ನಿಮ್ಮ ಫೋಟೊಗೆ ಹತ್ತಿರದ್ದು. ಆ ಆವರಣದಲ್ಲಿ ಮುಖ್ಯ ಗುಡಿಯ ಸುತ್ತ ಹಲವು ಚಿಕ್ಕ ಗುಡಿಗಳಿವೆ. ಅವುಗಳಲ್ಲಿ ಎರಡನ್ನು ಮಹಾದೇವ ದಂಡನಾಯಕ ತನ್ನ ತಂದೆ ತಾಯಿಯ ಹೆಸರಿನಲ್ಲಿ ಮಾಡಿಸಿದ್ದು. ತಂದೆಯ ಹೆಸರಿನದು ಮೂರ್ತಿನಾರಾಯಣ ಗುಡಿ. ತಾಯಿಯನ್ನು ಕರೆದುಕೊಂಡು ಹೋದ ಮಗ ಒಂದು ಮಾಹಿತಿಯನ್ನು ಹೇಳಲೇಬೇಕು ಎಂದಿದ್ದರೆ ಅದು ಇದು. ಅಡಿಬರಹಕ್ಕೆ ಯಾವ ಮಾಹಿತಿ ಬೇಕು, ಯಾವುದು ಬೇಡ ಎನ್ನುವುದಕ್ಕೆ ಡೆಸ್ಕಿನಲ್ಲಿ ನಾವು ಕೇಳಿಕೊಳ್ಳುತ್ತಿದ್ದುದು ಇಷ್ಟೆ: ಇದನ್ನು ಓದಿದ ಮೇಲೆ ಓದುಗರು ಚಿತ್ರದತ್ತ ಮತ್ತೊಮ್ಮೆ ನೋಡುತ್ತಾರೆಯೇ, ಅಥವಾ ಚಿತ್ರ ಬಿಟ್ಟು ಬೇರೆಡೆ ಹೋಗುತ್ತಾರೆಯೇ? ಬಿರುದು ಬೇರೆಡೆಗೆ ಕಳಿಸುತ್ತದೆ. ತಂದೆ ತಾಯಿಯ ಹೆಸರಿನ ಗುಡಿಗಳ ವಿಷಯ ಮತ್ತೆ ಅವ್ವನ ಬಳಿಗೇ ತರುತ್ತದೆ.

ಇಷ್ಟು ತೆಗೆದ ಮೇಲೆ ಬರೆಯಲು ಏನು ಉಳಿಯಿತು? ಚಿತ್ರದಲ್ಲಿ ಇಲ್ಲದ್ದು ಉಳಿಯಿತು. ಅವ್ವ ಕುಳಿತಿದ್ದಾಳೆ ಎಂದು ಬರೆಯಬೇಕಿಲ್ಲ, ಅದು ಕಾಣುತ್ತಿದೆ. ಕಂಬವೂ ಕಾಣುತ್ತಿದೆ. ಕಾಣದಿರುವುದು ಮೂರು: ಅದು ಸೋಮವಾರ, ಅವಳು ಹೊಸ್ತಿಲಿಗೆ ಹಣೆ ಹಚ್ಚಿ ಬಂದವಳು, ಕುಳಿತವಳು ಬೇಗ ಏಳಲಿಲ್ಲ. ಸೋಮವಾರ ಶಿವನ ವಾರ ಎಂದು ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ, ಹೆಸರು ಹೇಳಿದರೆ ಸಾಕು.

ನಾನು ಮೊದಲು ಬರೆದು ನೋಡಿದ್ದು: “ಇಟಗಿಯ ಮಹಾದೇವನ ಗುಡಿ. ಅವ್ವ ಏನು ಬೇಡಿಕೊಂಡಳೋ, ಕೇಳಲಿಲ್ಲ.” ಇಂಥ ಸಾಲಿಗೆ ಮೆಚ್ಚುಗೆ ಬಹಳ ಸಿಗುತ್ತದೆ. ಆದರೆ ಎರಡನೆಯ ಸಲ ಓದಿದರೆ ಅದರ ಬಣ್ಣ ತಿಳಿಯುತ್ತದೆ. ಕೇಳಲಿಲ್ಲ ಎಂದು ಹೇಳಿಕೊಳ್ಳುವುದು ನಮ್ಮ ಸಂಯಮದ ಪ್ರಚಾರ. ಜೊತೆಗೆ ಅವಳು ಏನನ್ನೋ ಬೇಡಿಕೊಂಡಳು ಎಂದು ಊರಿಗೆಲ್ಲ ಸೂಚಿಸಿದ ಹಾಗೂ ಆಯಿತು. ನಾಳೆ ಯಾರಾದರೂ ಸಂಬಂಧಿಕರು “ಏನಮ್ಮ, ಮನೆಯಲ್ಲಿ ಎಲ್ಲ ಸರಿ ಇದೆಯಲ್ಲ?” ಎಂದು ಅವಳನ್ನೇ ಕೇಳುತ್ತಾರೆ. ಹರಕೆ, ಬೇಡಿಕೆ, ಕಾಯಿಲೆ, ಮದುವೆಯ ಮಾತು ಇವನ್ನು ಅಡಿಬರಹದಲ್ಲಿ ಸುಳಿವಾಗಿಯೂ ಬಿಡಬಾರದು.

ಎರಡನೆಯದು: “ಇಟಗಿ, ಸೋಮವಾರ. ಅವ್ವ ಏಳುವವರೆಗೆ ಕಾದೆವು.” ಇದು ಮೇಲು, ಚಿಕ್ಕದಾಗಿದೆ, ಹೊತ್ತು ಎಷ್ಟಾಯಿತು ಎನ್ನುವುದು ತಾನೇ ತಿಳಿಯುತ್ತದೆ. ಆದರೆ “ಕಾದೆವು” ಎಂಬಲ್ಲಿ ಒಳ್ಳೆಯ ಮಕ್ಕಳು ನಾವು ಎಂಬ ದನಿ ಸಣ್ಣಗೆ ಕೇಳುತ್ತದೆ, ಅಥವಾ ತಡವಾಯಿತು ಎಂಬ ಗೊಣಗಾಟ. ಓದುವವರು ಯಾವುದನ್ನು ಬೇಕಾದರೂ ಹಿಡಿಯಬಹುದು.

ಮೂರನೆಯದು, ನಾನು ನಿಮಗೆ ಕೊಡುವುದು:

“ಇಟಗಿಯ ಮಹಾದೇವನ ಗುಡಿ, ಸೋಮವಾರ. ಹೊಸ್ತಿಲಿಗೆ ಹಣೆ ಹಚ್ಚಿ ಬಂದು ಕುಳಿತ ಅವ್ವನಿಗೆ ಏಳಲು ಮನಸ್ಸಾಗಲಿಲ್ಲ.”

ಇದರಲ್ಲಿ ನೀವು ಎಲ್ಲಿಯೂ ಇಲ್ಲ. ಅವ್ವ ಕೂಡ ಏನನ್ನೂ ಸಾಧಿಸುತ್ತಿಲ್ಲ, ಅವಳಿಗೆ ಮನಸ್ಸಾಗಲಿಲ್ಲ, ಅಷ್ಟೆ. ದಿವ್ಯ ಎಂಬ ಪದ ಮಾಡಬೇಕಿದ್ದ ಕೆಲಸವನ್ನು ಹೊಸ್ತಿಲಿಗೆ ಹಚ್ಚಿದ ಹಣೆ ಮಾಡುತ್ತದೆ. “ಶ್ರೀ” ಬಿಟ್ಟಿದ್ದೇನೆ, ದೇವರಿಗೆ ಅಗೌರವವೆಂದಲ್ಲ. ಮಹಾದೇವನನ್ನು ಏಕವಚನದಲ್ಲಿ, ಬರಿಯ ಹೆಸರಿನಲ್ಲಿ ಕರೆಯುವುದೇ ನಮ್ಮ ಸಲುಗೆಯ ಭಕ್ತಿ. ಗುಡಿಯ ಕರಪತ್ರದಲ್ಲಿ “ಶ್ರೀ” ಇರಲಿ, ಮಗ ಬರೆಯುವ ಸಾಲಿನಲ್ಲಿ ಬೇಡ. ಎರಡನೆಯ ಸಾಲು ಬೇಕೇಬೇಕು ಎನ್ನಿಸಿದರೆ ಒಂದು ಸಾಲು ಬಿಟ್ಟು ಕೆಳಗೆ ಸೇರಿಸಿ: “ಈ ಗುಡಿ ಕಟ್ಟಿಸಿದ ದಂಡನಾಯಕ ಇದೇ ಆವರಣದಲ್ಲಿ ತನ್ನ ತಂದೆ ತಾಯಿಯ ಹೆಸರಿನ ಗುಡಿಗಳನ್ನೂ ಮಾಡಿಸಿದ್ದಾನೆ.” ಅದಕ್ಕೆ ನಿಮ್ಮ ಕಡೆಯಿಂದ ಯಾವ ಮಾತನ್ನೂ ಜೋಡಿಸಬೇಡಿ. “ನಾನೂ ಅವ್ವನನ್ನು…” ಎಂದು ಆರಂಭಿಸಿದಿರೋ, ದಂಡನಾಯಕನ ಪಕ್ಕದಲ್ಲಿ ನೀವು ನಿಂತಂತಾಗುತ್ತದೆ.

ಅವ್ವ ಎಂದೇ ಬರೆಯಿರಿ. ನನಗೆ ಪತ್ರ ಬರೆಯುವಾಗ ಅವ್ವ, ಜನರ ಮುಂದೆ ಅಮ್ಮ ಎನ್ನುವುದೂ ಒಂದು ಬಗೆಯ ವೇಷವೇ. ಇದರಲ್ಲಿ ಉಪಯೋಗವೂ ಇದೆ. ನಮ್ಮ ಕಡೆ ಹುಲಿಗೆಮ್ಮ, ದುರ್ಗಮ್ಮ ಎಂದು ದೇವಿಯರೂ ಅಮ್ಮಂದಿರೇ. ಹುಲಿಗಿಯ ಫೋಟೊಗೆ “ಅಮ್ಮನೊಂದಿಗೆ ಒಂದು ಸಂಜೆ” ಎಂದು ಬರೆದರೆ ದೇವಿಯ ಜೊತೆಯೋ ಹೆತ್ತವಳ ಜೊತೆಯೋ ತಿಳಿಯುವುದಿಲ್ಲ. ಕೆಲವರು ಬೇಕೆಂದೇ ಹಾಗೆ ಬರೆದು ಚಮತ್ಕಾರ ಎನ್ನುತ್ತಾರೆ, ನನಗೆ ಹಿಡಿಸುವುದಿಲ್ಲ. ಇನ್ನು ಮಠದ ವಿಷಯ ಬಂದಾಗ ಏಕವಚನ ಸಲ್ಲದು. ಕೊಪ್ಪಳದ ಗವಿಮಠದ ಚಿತ್ರಕ್ಕೆ “ಗವಿಸಿದ್ಧೇಶ್ವರರ ಗದ್ದುಗೆ” ಎಂದೇ ಬರೆಯಬೇಕು. ದೇವರಿಗೆ ಸಲುಗೆ, ಗುರುವಿಗೆ ಬಹುವಚನ. ಈ ಅಂತರವನ್ನು ಮೀರಿದರೆ ಓದುವವರಿಗೆ ಕಿವಿಗೆ ಚುಚ್ಚುತ್ತದೆ.

“ಆರ್ಶೀವಾದ” ಎಂದು ಬರೆದಿದ್ದೀರಿ, ಅದು ಆಶೀರ್ವಾದ. ಅರ್ಕಾವೊತ್ತು “ವಾ”ಕ್ಕೆ ಸೇರಬೇಕು, “ಶೀ”ಗೆ ಅಲ್ಲ. ಮದುವೆಯ ಫ್ಲೆಕ್ಸುಗಳಲ್ಲಿ ಮೂಡಿ ಮೂಡಿ ಈ ತಪ್ಪು ಈಗ ಎಷ್ಟು ಬೇರೂರಿದೆಯೆಂದರೆ ಸರಿಯಾದದ್ದೇ ವಿಚಿತ್ರವಾಗಿ ಕಾಣುತ್ತದೆ. ಸನ್ನಿಧಿಯನ್ನು “ಸನ್ನಿದಿ”, ಕೃಪೆಯನ್ನು “ಕ್ರಪೆ” ಎಂದು ಹಾಕುವವರೂ ಇದ್ದಾರೆ. ದೊಡ್ಡ ಪದ ಬಳಸಿ ಅದರ ಒತ್ತು ತಪ್ಪಿದರೆ ಇರುವ ತೋರಿಕೆಯ ಮೇಲೆ ನಗೆಪಾಟಲೂ ಸೇರುತ್ತದೆ. ಗುಡಿ, ಹೊಸ್ತಿಲು, ಹಣೆ ಇಂಥ ಪದಗಳಲ್ಲಿ ಆ ಭಯವಿಲ್ಲ.

ವಚನವನ್ನೋ ದಾಸರ ಪದವನ್ನೋ ಎರವಲು ತಂದು ಹಾಕಲೇ ಎಂದು ಮುಂದೆ ಎಂದಾದರೂ ಅನ್ನಿಸಬಹುದು. ತರುವುದಾದರೆ ಅಂಕಿತದವರೆಗೆ ಓದಿ ತನ್ನಿ. ಗುಡಿಯ ಫೋಟೊಗಳ ಕೆಳಗೆ ನಾನು ಅತಿ ಹೆಚ್ಚು ಕಂಡ ವಚನ “ಉಳ್ಳವರು ಶಿವಾಲಯ ಮಾಡುವರು”. ಶಿವಾಲಯ ಎಂಬ ಪದ ಕಂಡ ಕೂಡಲೇ ಹಾಕಿಬಿಡುತ್ತಾರೆ. ಬಸವಣ್ಣನವರು ಅಲ್ಲಿ ಹೇಳುತ್ತಿರುವುದು ದೇಹವೇ ದೇಗುಲ ಎಂದು, ಸ್ಥಾವರಕ್ಕೆ ಅಳಿವಿದೆ ಎಂದು. ದಂಡನಾಯಕನೊಬ್ಬ ಕಟ್ಟಿಸಿದ ಕಲ್ಲಿನ ಗುಡಿಯ ಕೆಳಗೆ ಅದನ್ನು ಬರೆದರೆ ಕಟ್ಟಿಸಿದವನಿಗೂ ನೋಯಿತು, ವಚನಕ್ಕೂ ನ್ಯಾಯವಾಗಲಿಲ್ಲ. ರಾಯಚೂರು ಕಡೆಯವರು ದಾಸರ ಪದ ಹಾಕುವಾಗ ಮಾನ್ವಿಯ ಜಗನ್ನಾಥದಾಸರ ಸಾಲಿಗೆ ಪುರಂದರ ವಿಠಲನ ಹೆಸರು ಹಚ್ಚುವುದನ್ನೂ ನೋಡಿದ್ದೇನೆ. “ಜಗನ್ನಾಥ ವಿಠಲ” ಎಂಬ ಅಂಕಿತ ಪದದಲ್ಲೇ ಇರುತ್ತದೆ, ಕೊನೆಯ ನುಡಿಯವರೆಗೆ ಓದಿದರೆ ಸಾಕಿತ್ತು.

ನಿಮ್ಮ ಪ್ರಶ್ನೆಗೆ ನೇರವಾಗಿ ಸೇರದಿದ್ದರೂ ಲೆಕ್ಕದ ಬಗ್ಗೆ ಒಂದು ಮಾತು. ತೋರಿಕೆ ಬಹುತೇಕ ಅಂಕಿಗಳ ಮೂಲಕವೇ ಒಳಬರುತ್ತದೆ. ಅಂಜನಾದ್ರಿಯ ಮೆಟ್ಟಿಲು ಎಷ್ಟು ನಿಮಿಷದಲ್ಲಿ ಹತ್ತಿದೆ, ಇದು ಎಷ್ಟನೆಯ ಹುಣ್ಣಿಮೆ, ಎಷ್ಟು ಜನರಿಗೆ ಊಟ ಹಾಕಿಸಿದೆ. ನಿಮ್ಮ ಪತ್ರದ “ಅರ್ಧ ಗಂಟೆ”ಯನ್ನು ನಾನು ಇದೇ ಕಾರಣಕ್ಕೆ ಬಿಟ್ಟೆ. ಅಂಜನಾದ್ರಿಗೆ ನಾನಾದರೆ “ಅಂಜನಾದ್ರಿ. ಮೇಲೆ ಗಾಳಿ ಜೋರಾಗಿತ್ತು, ಕೆಳಗೆ ಗದ್ದೆಯೆಲ್ಲ ಹಸಿರು” ಎನ್ನುತ್ತೇನೆ. ಹತ್ತದೆ ಮೇಲೆ ಹೋಗಲು ಆಗುವುದಿಲ್ಲ ಎನ್ನುವುದು ಗಂಗಾವತಿ ಸೀಮೆಯವರಿಗೆ ಗೊತ್ತು. ಕೃಷ್ಣೆಯ ನಡುಗಡ್ಡೆಯಲ್ಲಿರುವ ಕುರುವಪುರಕ್ಕೆ ಹೋಗಿಬಂದವರಿಗೆ “ಕುರುವಪುರ. ಹೊಳೆ ದಾಟುವವರೆಗೆ ಮಾತಿತ್ತು” ಎಂಬಷ್ಟು ಸಾಕಾಗಬಹುದು. ಆದರೆ ಕುರುಗೋಡಿನ ದೊಡ್ಡ ಬಸವೇಶ್ವರನ ಮುಂದೆ ನಿಂತಾಗ ಗಾತ್ರವೇ ವಿಷಯ. ಅಲ್ಲಿ “ಎಷ್ಟು ದೊಡ್ಡವನಪ್ಪ!” ಎಂದು ಬೆರಗಾಗುವುದರಲ್ಲಿ ತಪ್ಪೇನೂ ಇಲ್ಲ, ಎಲ್ಲ ಕಡೆಯೂ ದನಿ ತಗ್ಗಿಸಬೇಕಿಲ್ಲ.

ಹಾಕುವ ಮೊದಲು ಫೋಟೊವನ್ನೂ ಒಮ್ಮೆ ನೋಡಿಕೊಳ್ಳಿ. ಇಟಗಿಯ ಬಳಪದ ಕಲ್ಲಿಗೆ ತನ್ನದೇ ಆದ ಹಸಿರು ಬೆರೆತ ಕಪ್ಪು ಬಣ್ಣವಿದೆ. ಮೊಬೈಲಿನ ಫಿಲ್ಟರ್ ಅದನ್ನು ಕೇಸರಿ ಮಾಡಿ ಸೂರ್ಯಾಸ್ತದಂತೆ ತೋರಿಸಿದರೆ ಕೆಳಗೆ ಎಷ್ಟು ಸಾದಾ ಬರೆದರೂ ಪ್ರಯೋಜನವಿಲ್ಲ. ಮಂಟಪದ ಒಳಗಿನ ಕತ್ತಲನ್ನು ಕತ್ತಲಾಗಿಯೇ ಬಿಡಿ. ಊರಿನ ಹೆಸರನ್ನು ಸ್ಥಳದ ಟ್ಯಾಗ್‌ನಲ್ಲಿ ಹಾಕುವುದಾದರೆ ಸಾಲಿನ ಆರಂಭವನ್ನು “ಸೋಮವಾರ” ಎಂದಷ್ಟೇ ಇಳಿಸಬಹುದು. ಸ್ಟೇಟಸ್‌ಗೆ ಹಾಕುವುದಾದರೆ ಅಲ್ಲಿ ಟ್ಯಾಗ್ ಕಣ್ಣಿಗೆ ಬೀಳದಿರಬಹುದು, ಆದ್ದರಿಂದ ಊರು ಸಾಲಿನೊಳಗೇ ಇರಲಿ. ಹ್ಯಾಷ್‌ಟ್ಯಾಗ್ ಹಾಕಲೇಬೇಕೆಂದರೆ ಊರಿನ ಹೆಸರೊಂದೇ ಸಾಕು. ಭಕ್ತಿಗೆ, ನೆಮ್ಮದಿಗೆ, ಆಶೀರ್ವಾದಕ್ಕೆ ಹ್ಯಾಷ್‌ಟ್ಯಾಗ್ ಇಟ್ಟರೆ ಮೇಲೆ ಅಳಿಸಿದ್ದನ್ನೆಲ್ಲ ಕೆಳಗೆ ಮತ್ತೆ ಬರೆದಂತೆ.

ಅವ್ವನಿಗೂ ತೋರಿಸಿ ಕೇಳಿ, ಮುಖ ಕಾಣದಿದ್ದರೂ. ಸೆರಗು, ಕುಳಿತ ಭಂಗಿ ನೋಡಿ ಊರಿನವರು ಗುರುತು ಹಿಡಿಯುತ್ತಾರೆ. ಬೇಡ ಎಂದರೆ ಮನೆಯವರ ಗುಂಪಿಗೆ ಮಾತ್ರ ಕಳಿಸಿ, ಅಲ್ಲಿಗೆ ಈ ಸಾಲೂ ಬೇಕಿಲ್ಲ.

ಹಾಕಿದ ಮೇಲೆ ಕೆಳಗೆ “ಇದು ಯಾವ ಗುಡಿ, ಹೇಗೆ ಹೋಗಬೇಕು?” ಎಂದು ಖಂಡಿತ ಒಬ್ಬರಾದರೂ ಕೇಳುತ್ತಾರೆ. ನೀವು ಹೊಡೆದುಹಾಕಿದ್ದ ದೇವಾಲಯ ಚಕ್ರವರ್ತಿಗೆ ಸರಿಯಾದ ಜಾಗ ಆ ಉತ್ತರ. ಕೇಳಿದವರಿಗೆ ಧಾರಾಳವಾಗಿ ಹೇಳಿ: 1112ರ ಚಾಲುಕ್ಯರ ಗುಡಿ, ಈಗ ಕುಕನೂರು ತಾಲ್ಲೂಕಿನಲ್ಲಿದೆ, ಕೊಪ್ಪಳದಿಂದ ಗದಗ ದಾರಿಯಲ್ಲಿ ಬನ್ನಿಕೊಪ್ಪಕ್ಕೆ ಬಂದು ಅಲ್ಲಿಂದ ಒಳಗೆ ಹೋಗಬೇಕು, ಸಮಯವಿದ್ದರೆ ಕುಕನೂರಿನ ಮಹಾಮಾಯೆ ಮತ್ತು ನವಲಿಂಗ ಗುಡಿಗಳನ್ನೂ ನೋಡಿಕೊಂಡು ಬರಬಹುದು.